ಬಾಟಲಿಯ ಅಂಚಿನಲ್ಲಿ 03 ಎಂಬುದು 08 ಆದದ್ದು: ಮುಂಬಯಿಯ ಔಷಧಿ ಅಂಗಡಿಯೊಂದರ ಪ್ರಕರಣ

ಮುಂಬಯಿಯ ಉಪನಗರವೊಂದರಲ್ಲಿ ಕನ್ನಡಿಗರೊಬ್ಬರು ನಡೆಸುವ ಔಷಧಿ ಅಂಗಡಿಯಿದೆ. ಅಂಗಡಿ ಯಾವುದು, ಯಾರದು ಎಂಬ ಗುರುತುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಯಜಮಾನರು ದಕ್ಷಿಣ ಕನ್ನಡದವರು. ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಇರುವ ಹಿರಿಯ ಕೆಲಸಗಾರರು ಇಂಡಿ ಕಡೆಯವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಸಂಜೆ ಕಾಲೇಜು ಮುಗಿಸಿ ಬರುವ ಯಜಮಾನರ ಮಗಳು ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತಾಳೆ. ಇಂಥ ಅಂಗಡಿಗಳಿಗೆ ಸಣ್ಣಪುಟ್ಟ ತಂತ್ರಾಂಶ ಬರೆದುಕೊಡುವುದು ನನ್ನ ಕೆಲಸ.

ಅವರಿಗೆ ಬೇಕಾದದ್ದು ದೊಡ್ಡದೇನಲ್ಲ. ಅವಧಿ ಮುಗಿಯುತ್ತಿರುವ ಸಿರಪ್ ಬಾಟಲಿಗಳನ್ನು ಹೊತ್ತಿಗೆ ಸರಿಯಾಗಿ ಹುಡುಕಿ ಸಗಟು ವ್ಯಾಪಾರಿಗೆ ಹಿಂದಿರುಗಿಸಬೇಕು, ತಡವಾದರೆ ಅವರು ತೆಗೆದುಕೊಳ್ಳುವುದಿಲ್ಲ. ಮಾತ್ರೆಗಳ ಪೆಟ್ಟಿಗೆ ಚಪ್ಪಟೆಯಾಗಿರುತ್ತದೆ, ಮೊಬೈಲಿನಲ್ಲಿ ಚಿತ್ರ ತೆಗೆದರೆ ಬ್ಯಾಚ್ ನಂಬರೂ ತಾರೀಖೂ ತಾವಾಗಿ ಪಟ್ಟಿಗೆ ಬಂದು ಕೂರುತ್ತಿದ್ದವು. ಇದಕ್ಕಾಗಿ ನಾನು ಬಳಸಿದ್ದು Tesseract ಎಂಬ ಉಚಿತ ಅಕ್ಷರ ಓದುಗ. ಅದೇ ಏರ್ಪಾಟನ್ನು ಬಾಟಲಿಗಳಿಗೂ ಹಚ್ಚಿದೆವು. ಎಡವಿದ್ದು ಅಲ್ಲಿಯೇ.

ಕಾಣುವ ತಪ್ಪು, ಕಾಣದ ತಪ್ಪು

ಮೊದಲ ವಾರ ಬಂದ ತಪ್ಪುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಅರ್ಥವಿಲ್ಲದ ಅಕ್ಷರಗಳ ರಾಶಿ ಬಂದರೆ ಯಾರೂ ಅದನ್ನು ನಂಬುವುದಿಲ್ಲ, ಕೈಯಿಂದ ಬರೆದುಕೊಳ್ಳುತ್ತಾರೆ. ಒಂದು ದಿನ ಮಾತ್ರ ಕಾಕಾ ಆಮ್ಲಶಾಮಕದ 200 ಮಿಲಿ ಬಾಟಲಿಯೊಂದನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟರು. ಪರದೆಯ ಮೇಲೆ ಹೀಗಿತ್ತು:

```
MFG. 09/2023
EXP. 08/2025
```

ಬಾಟಲಿಯ ಮೇಲೆ ಎಕ್ಸ್‌ಪೈರಿ 03/2025 ಎಂದಿತ್ತು. ಮಾರ್ಚಿಗೆ ಮುಗಿಯುವುದನ್ನು ಯಂತ್ರ ಆಗಸ್ಟಿನವರೆಗೆ ಎಳೆದಿತ್ತು. ಮೂರನ್ನು ಎಂಟೆಂದು ಓದಿದರೆ ಅವಧಿ ಮುಗಿದ ಮಾಲು ಕಪಾಟಿನಲ್ಲೇ ಉಳಿಯುತ್ತದೆ. ಎಂಟನ್ನು ಮೂರೆಂದು ಓದಿದರೆ ಒಳ್ಳೆಯ ಮಾಲು ಹಿಂದಿರುಗಿಸುವ ರಾಶಿಗೆ ಹೋಗುತ್ತದೆ. ಹುಡುಕಿದಾಗ ಅಂಥದ್ದೂ ಎರಡು ಸಿಕ್ಕವು. ಯಜಮಾನರು ಸಿಟ್ಟಾಗಲಿಲ್ಲ. "ಮಾರಾಯರೇ, ಓದಲು ಬಾರದಿದ್ದರೆ ಬಾರದು ಎನ್ನಲಿ. ಹೀಗೆ ಸುಳ್ಳು ಹೇಳಿದರೆ ಇಟ್ಟುಕೊಳ್ಳುವುದು ಹೇಗೆ?" ಎಂದಷ್ಟೇ ಕೇಳಿದರು.

ನಾನು ಹಿಡಿದ ತಪ್ಪು ದಾರಿ

ಸಾಫ್ಟ್‌ವೇರಿನವನಾದ ನಾನು ಸಾಫ್ಟ್‌ವೇರನ್ನೇ ಶಂಕಿಸಿದೆ. ಚಿತ್ರವನ್ನು ಕಪ್ಪು ಬಿಳುಪು ಮಾಡಿದೆ, ಎರಡು ಪಟ್ಟು ಹಿಗ್ಗಿಸಿದೆ, ಪುಟದ ವಿನ್ಯಾಸವನ್ನು ಊಹಿಸುವ ಸೆಟ್ಟಿಂಗನ್ನು `--psm 6` ರಿಂದ `--psm 11` ಕ್ಕೆ ಬದಲಿಸಿದೆ. ಒಂದು ಬಾಟಲಿ ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ನಾಲ್ಕು ಸಂಜೆ ಹೀಗೆ ಕಳೆದವು.

ಆಮೇಲೆ ಅಕ್ಷರ ಚಿಕ್ಕದಾದ್ದರಿಂದ ಮೊಬೈಲನ್ನು ಇನ್ನೂ ಹತ್ತಿರ ಹಿಡಿಯಲು ಯಜಮಾನರ ಮಗಳಿಗೆ ಹೇಳಿದೆ. ಮಳೆಗಾಲದ ಮಬ್ಬಿನಲ್ಲಿ ಬೆಳಕು ಸಾಲದೆ ಅವಳು ಫ್ಲ್ಯಾಶ್ ಕೂಡ ಹಾಕಿದಳು. ಫಲಿತಾಂಶ ಮೊದಲಿಗಿಂತ ಹದಗೆಟ್ಟಿತು. ಈಗ ಹಿಂತಿರುಗಿ ನೋಡಿದರೆ ಆ ಎರಡು ಸಲಹೆಗಳಿಗಿಂತ ಕೆಟ್ಟ ಸಲಹೆ ಕೊಡುವುದು ಕಷ್ಟವಿತ್ತು. ಯಾಕೆಂದು ತಿಳಿದದ್ದು ಕಾಕಾ ಲೇಬಲ್ ಓದುವುದನ್ನು ಕಂಡ ಮೇಲೆ.

ಅವರು ಕನ್ನಡಕವನ್ನು ಹಣೆಗೇರಿಸಿ, ಬಾಟಲಿಯನ್ನು ಒಂದು ಮೊಳ ದೂರ ಹಿಡಿದು, ಬೀದಿಯ ಬೆಳಕಿಗೆ ಓರೆಯಾಗಿ ನಿಂತು, ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಉರುಳಿಸುತ್ತಾ ಓದುತ್ತಿದ್ದರು. ಕಣ್ಣು ನಿಂತಲ್ಲೇ ಇತ್ತು, ಅಕ್ಷರವೇ ಕಣ್ಣಿನೆದುರಿಗೆ ಬರುತ್ತಿತ್ತು. "ತಿರುಗಿಸದೆ ಹೇಗೆ ಓದುವುದು, ತಮ್ಮಾ? ಅದೇನು ವರ್ತಮಾನ ಪತ್ರಿಕೆಯೇ?" ಎಂದರು. ನಾವು ಯಂತ್ರದ ಕೈಯಲ್ಲಿ ಮಾಡಿಸುತ್ತಿದ್ದದ್ದು ಅದನ್ನೇ, ತಿರುಗಿಸದೆ ಓದುವುದನ್ನು.

ಬಾಗಿದ ಮೈ ಅಕ್ಷರಕ್ಕೆ ಏನು ಮಾಡುತ್ತದೆ

ಆ ರಾತ್ರಿ ಸ್ಕೇಲು ಹಿಡಿದು ಕೂತೆ. ಆಮ್ಲಶಾಮಕದ ಬಾಟಲಿಯ ವ್ಯಾಸ 6 ಸೆಂ.ಮೀ. ಇತ್ತು. ಉರುಟಾದ ಮೈಯಲ್ಲಿ ಕ್ಯಾಮೆರಾಕ್ಕೆ ನೇರ ಮುಖ ಮಾಡಿರುವುದು ನಡುವಿನ ಒಂದು ಗೆರೆ ಮಾತ್ರ. ಅಲ್ಲಿಂದ ಬದಿಗೆ ಸರಿದಷ್ಟೂ ಮೈ ಆಚೆಗೆ ತಿರುಗುತ್ತದೆ, ಅಕ್ಷರದ ಎತ್ತರ ಹೆಚ್ಚುಕಡಿಮೆ ಹಾಗೆಯೇ ಉಳಿದು ಅಗಲ ಮಾತ್ರ ಕುಗ್ಗುತ್ತದೆ. ಬಹು ದೂರದಿಂದ ನೋಡಿದರೆ ಈ ಕುಗ್ಗುವಿಕೆ ಕೋನದ ಕೊಸೈನಿನಷ್ಟಿರುತ್ತದೆ. ನಡುವಿನಿಂದ 30 ಡಿಗ್ರಿ ಸರಿದಲ್ಲಿ ಅಕ್ಷರದ ಅಗಲ ನೂರರಲ್ಲಿ 87 ಪಾಲು ಉಳಿಯುತ್ತದೆ, 60 ಡಿಗ್ರಿಯಲ್ಲಿ ಅರ್ಧ.

ಹತ್ತಿರ ಹೋದರೆ ಇದು ಇನ್ನೂ ಕೆಡುತ್ತದೆ, ಏಕೆಂದರೆ ಅಂಚು ಕ್ಯಾಮೆರಾದಿಂದ ದೂರವೂ ಆಗುತ್ತದೆ, ನೋಟವೂ ಅದರ ಮೇಲೆ ಓರೆಯಾಗಿ ಬೀಳುತ್ತದೆ. ನಮ್ಮ ಬಾಟಲಿಗೆ ಲೆಕ್ಕ ಹಾಕಿದೆ. ಮುಖದಿಂದ 9 ಸೆಂ.ಮೀ. ದೂರದಲ್ಲಿ ಹಿಡಿದ ಮೊಬೈಲಿಗೆ 60 ಡಿಗ್ರಿಯಲ್ಲಿನ ಅಕ್ಷರ ನಡುವಿನ ಅಕ್ಷರದ ಕಾಲು ಭಾಗದಷ್ಟೇ ಅಗಲವಾಗಿ ಕಾಣುತ್ತದೆ. 32 ಸೆಂ.ಮೀ.ಗೆ ಹಿಂದೆ ಸರಿದರೆ ಅದೇ ಅಕ್ಷರ ಐದರಲ್ಲಿ ಎರಡು ಪಾಲಿಗೆ ಹಿಗ್ಗುತ್ತದೆ. ಕಾಲು ಭಾಗಕ್ಕೆ ಹಿಂಡಿದ 3ರ ಎಡಗಡೆಯ ಬಾಯಿ ಮುಚ್ಚಿಹೋಗಿ 8 ಆಗುವುದರಲ್ಲಿ ಆಶ್ಚರ್ಯವಿಲ್ಲ. ಎಂಟರ ಎಡಗಡೆ ಬೆಳಕಿಗೆ ಮಾಸಿದರೆ ಅದು 3 ಆಗುತ್ತದೆ.

ಎರಡನೆಯ ಕೇಡು ಸಾಲುಗಳದು. ಚಹಾ ಲೋಟವನ್ನು ಮೇಲಿನಿಂದ ನೋಡಿದರೆ ಅದರ ಬಾಯಿಯ ಮುಂದಿನ ಅಂಚು ಕೆಳಕ್ಕೆ ಬಾಗಿ ಕಾಣುತ್ತದಲ್ಲ, ಲೇಬಲ್ಲಿನ ಪ್ರತಿ ಸಾಲಿಗೂ ಅದೇ ಆಗುತ್ತದೆ. ಕ್ಯಾಮೆರಾದ ಮಟ್ಟಕ್ಕಿಂತ ಕೆಳಗಿರುವ ಸಾಲು ನಡುವೆ ಜೋತು ಬೀಳುತ್ತದೆ, ಮೇಲಿರುವುದು ನಡುವೆ ಉಬ್ಬುತ್ತದೆ. ಕ್ಯಾಮೆರಾದ ಮಟ್ಟದಲ್ಲೇ ಇರುವ ಸಾಲು ಮಾತ್ರ ನೇರವಾಗಿರುತ್ತದೆ. ನಮ್ಮ ಲೇಬಲ್ಲಿನಲ್ಲಿ ಸಾಲಿನಿಂದ ಸಾಲಿಗೆ ಎರಡೂವರೆ ಮಿ.ಮೀ. ಅಂತರ. ಕ್ಯಾಮೆರಾದ ಮಟ್ಟದಿಂದ 4 ಸೆಂ.ಮೀ. ಕೆಳಗಿದ್ದ ಸಾಲು 9 ಸೆಂ.ಮೀ. ದೂರದ ಚಿತ್ರದಲ್ಲಿ ನಡುವಿಗೂ 60 ಡಿಗ್ರಿಯ ಅಂಚಿಗೂ ಸುಮಾರು ಐದೂವರೆ ಮಿ.ಮೀ.ನಷ್ಟು ಬಾಗಿತ್ತು, ಎಂದರೆ ಎರಡು ಸಾಲಿಗಿಂತ ಹೆಚ್ಚು. 32 ಸೆಂ.ಮೀ. ದೂರದಲ್ಲಿ ಅದು ಎರಡು ಮಿ.ಮೀ.ಗಿಂತ ಕಡಿಮೆ.

ಓದುಗ ತಂತ್ರಾಂಶ ಮೊದಲು ಸಾಲುಗಳನ್ನು ಬೇರ್ಪಡಿಸುತ್ತದೆ, ಆಮೇಲೆ ಒಂದೊಂದು ಸಾಲನ್ನು ಪಟ್ಟಿಯಂತೆ ಕತ್ತರಿಸಿಕೊಂಡು ಎಡದಿಂದ ಬಲಕ್ಕೆ ಓದುತ್ತದೆ. ಅಲ್ಪಸ್ವಲ್ಪ ಡೊಂಕನ್ನು ಅದು ತಡೆದುಕೊಳ್ಳುತ್ತದೆ. ಎರಡು ಸಾಲಿನಷ್ಟು ಬಾಗಿದರೆ ಒಂದು ಸಾಲಿನ ತುದಿಯನ್ನು ಇನ್ನೊಂದರ ನಡುವಿಗೆ ಹೊಲಿದುಬಿಡುತ್ತದೆ. ಇದನ್ನು ಗುರುತಿಸುವುದು ಸುಲಭ. ಪದಗಳು ಬಿಡಿಬಿಡಿಯಾಗಿ ಸರಿಯಿದ್ದು ವಾಕ್ಯ ಮಾತ್ರ ಕಲಸುಮೇಲೋಗರವಾಗಿದ್ದರೆ ದೋಷ ಸಾಲು ಬಾಗಿದ್ದರಲ್ಲಿದೆ. ನಡುವಿನ ಪದಗಳು ಸರಿಯಿದ್ದು ಎರಡು ಕೊನೆಗಳು ಹಾಳಾಗಿದ್ದರೆ ಅಂಚು ಹಿಂಡಿಹೋಗಿದೆ. ಚಿತ್ರದಲ್ಲಿ ಎಲ್ಲ ಸಾಲುಗಳೂ ಒಂದೇ ದಿಕ್ಕಿಗೆ ಜೋತುಬಿದ್ದಿದ್ದರೆ ತೆಗೆದವರು ನಿಂತು ಮೇಲಿನಿಂದ ತೆಗೆದಿದ್ದಾರೆ. ಯಜಮಾನರ ಮಗಳ ಹಳೆಯ ಚಿತ್ರಗಳೆಲ್ಲ ಹಾಗೆಯೇ ಇದ್ದವು, ಬಾಟಲಿ ಕೌಂಟರಿನ ಮೇಲಿತ್ತು, ಅವಳು ನಿಂತಿದ್ದಳು.

ಅಂಗಡಿಯಲ್ಲಿ ಉಡುಪಿ ಕಡೆಯಿಂದ ತರಿಸುವ ಆಯುರ್ವೇದದ ಎಣ್ಣೆಗಳೂ ಇವೆ, ಕೆಲವಕ್ಕೆ ಕನ್ನಡ ಲೇಬಲ್ ಇದೆ. ಅವುಗಳ ಪಾಡು ಇನ್ನೂ ಕಷ್ಟ. ಬಕಾರಕ್ಕೂ ಭಕಾರಕ್ಕೂ ಇರುವ ಭೇದವೇ ಕೆಳಗಿನ ಒಂದು ಸೀಳು. ಅಂಚಿನಲ್ಲಿ ಅದು ಮುಚ್ಚಿ ಭೃಂಗರಾಜ ಬೃಂಗರಾಜವಾಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಬೀಳುವುದರಿಂದ, ಸಾಲು ಬಾಗಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲಿಕೊಳ್ಳುತ್ತದೆ.

ಬೆಳಕಿನ ಪಟ್ಟಿ

ಫ್ಲ್ಯಾಶ್ ಹಾಕಿದ ಚಿತ್ರಗಳಲ್ಲಿ ಬಾಟಲಿಯ ನಡುವೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಪಟ್ಟಿಯೊಂದು ಬಿದ್ದಿತ್ತು. ನುಣುಪಾದ ಉರುಟು ಮೈ ಕನ್ನಡಿಯಂತೆ ವರ್ತಿಸುತ್ತದೆ. ಅದರಲ್ಲಿ ದೀಪದ ಪ್ರತಿಬಿಂಬ ಬೀಳುವ ಜಾಗಕ್ಕೆ ಒಂದು ಸರಳ ಲೆಕ್ಕವಿದೆ: ದೀಪವೂ ಕ್ಯಾಮೆರಾವೂ ಬಾಟಲಿಯಿಂದ ಸಾಕಷ್ಟು ದೂರವಿದ್ದರೆ ಅವುಗಳ ನಡುವಿನ ಕೋನದ ಅರ್ಧದಲ್ಲಿ ಬೀಳುತ್ತದೆ. ಫ್ಲ್ಯಾಶ್ ಕ್ಯಾಮೆರಾದ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಪಟ್ಟಿ ನಟ್ಟನಡುವೆ ಬೀಳುತ್ತದೆ. ಅಕ್ಷರ ಚೆನ್ನಾಗಿ ಕಾಣುವ ಒಂದೇ ಜಾಗವನ್ನು ನಾವೇ ಬಿಳಿಚಿಸುತ್ತಿದ್ದೆವು. ದೀಪವನ್ನು 80 ಡಿಗ್ರಿ ಬದಿಗಿಟ್ಟರೆ ಪಟ್ಟಿ 40 ಡಿಗ್ರಿಗೆ ಸರಿಯುತ್ತದೆ, ನಡುವಿನ ಭಾಗ ನಿರ್ಮಲವಾಗಿರುತ್ತದೆ.

ಕಾಕಾ ಬೀದಿಗೆ ಓರೆಯಾಗಿ ನಿಲ್ಲುತ್ತಿದ್ದದ್ದು ಇದಕ್ಕೇ. ಅವರಿಗೆ ಲೆಕ್ಕ ಹೇಳಿದೆ. "ಹೊಳಪು ಹೊಡೆಯಬಾರದು ಎಂದು ನಿಲ್ಲುತ್ತೇನಪ್ಪಾ, ಅದಕ್ಕೇನು ಲೆಕ್ಕ?" ಎಂದು ನಕ್ಕರು.

ಹೊಸ ಏರ್ಪಾಟು, ಅದರೊಳಗಿನ ಒಂದು ತೊಡಕು

ಹಿಂದೆ ಸರಿಯಬೇಕೆಂದು ಗೊತ್ತಾಯಿತು. ಸರಿದರೆ ಅಕ್ಷರ ಚಿಕ್ಕದಾಗುತ್ತದೆ, ಅದೂ ಓದುಗನಿಗೆ ಆಗಿಬರುವುದಿಲ್ಲ. ಸಣ್ಣಕ್ಷರದ ಎತ್ತರ ಇಪ್ಪತ್ತು ಪಿಕ್ಸೆಲ್ ಆಸುಪಾಸಿದ್ದರೆ Tesseract ನಿರಾಳವಾಗಿ ಓದುತ್ತದೆ, ಹತ್ತಕ್ಕಿಂತ ಕೆಳಗಿಳಿದರೆ ಆಸೆ ಬಿಡಬೇಕು. ನಮ್ಮ ಲೇಬಲ್ಲಿನ ಅಂಕಿಗಳ ಎತ್ತರ ಒಂದೂವರೆ ಮಿ.ಮೀ. ಅಂಗಡಿಯ ಮೊಬೈಲಿನ ಮಾಮೂಲು 12 ಮೆಗಾಪಿಕ್ಸೆಲ್ ಚಿತ್ರದಲ್ಲಿ 32 ಸೆಂ.ಮೀ. ದೂರದಿಂದ ಅವು ಹದಿಮೂರು, ಹದಿನಾಲ್ಕು ಪಿಕ್ಸೆಲ್ ಮಾತ್ರ ಬಂದವು. ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ಜೂಮ್ ಮಾಡಿದರೆ ಪಿಕ್ಸೆಲ್ ಹೆಚ್ಚಿದಂತೆ ಕಾಣುತ್ತದೆ, ವಿವರ ಹೆಚ್ಚುವುದಿಲ್ಲ.

ಎರಡು ದಾರಿಗಳಿದ್ದವು. ಜೂಮಿಗೆಂದೇ ಬೇರೆ ಮಸೂರವಿರುವ ಮೊಬೈಲ್ ಕೊಳ್ಳುವುದು ಒಂದು. ಇದ್ದ ಮೊಬೈಲಿನಲ್ಲೇ 50 ಮೆಗಾಪಿಕ್ಸೆಲ್ ಆಯ್ಕೆ ತೆರೆಯುವುದು ಇನ್ನೊಂದು. ಇಂಥ ಮೊಬೈಲುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡಿ ಕೊಡುತ್ತವೆ, ಈ ಆಯ್ಕೆಯಲ್ಲಿ ಸೇರಿಸದೆ ಕೊಡುತ್ತವೆ. ಅಂಕಿಗಳ ಎತ್ತರ ಸುಮಾರು ಎರಡರಷ್ಟಾಯಿತು. ಮಬ್ಬು ಬೆಳಕಿನಲ್ಲಿ ಮಾತ್ರ ಈ ಆಯ್ಕೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಳುಕಾಳು ಮಾಡುತ್ತದೆ. ಹೀಗೆ ದೂರದ ಪ್ರಶ್ನೆ ಪಿಕ್ಸೆಲ್ಲಿಗೆ, ಪಿಕ್ಸೆಲ್ಲಿನ ಪ್ರಶ್ನೆ ಬೆಳಕಿಗೆ ಬಂದು ನಿಂತಿತು. ಯಜಮಾನರು ಹೊಸ ಮೊಬೈಲಿಗೆ ಒಪ್ಪಲಿಲ್ಲ, ಎರಡು ಮೇಜುದೀಪ ಕೊಂಡುತಂದರು. ಅದೇ ಸರಿಯಾದ ನಿರ್ಧಾರವಾಗಿತ್ತು.

ಕೊನೆಗೆ ನಿಂತ ಏರ್ಪಾಟು ಇಷ್ಟು. ಹಳೆಯ ಲೆಕ್ಕದ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಬಾಟಲಿ ಇಡುವುದು, ಬೇಕಾದ ಸಾಲು ಮಸೂರದ ಮಟ್ಟಕ್ಕೆ ಬರುವಂತೆ. ಮೊಬೈಲ್ ಸ್ಟ್ಯಾಂಡಿನಲ್ಲಿ, ಒಂದಡಿಯಷ್ಟು ದೂರದಲ್ಲಿ, ನೆಟ್ಟಗೆ. ದೀಪಗಳು ಬಾಟಲಿಯ ಎಡಬಲಗಳಲ್ಲಿ, ಕ್ಯಾಮೆರಾದ ದಿಕ್ಕಿಗೆ ಸುಮಾರು 80 ಡಿಗ್ರಿಯಲ್ಲಿ, ಎದುರಿಗೆ ಬಿಳಿ ಕಾಗದ ಕಟ್ಟಿ ಬೆಳಕನ್ನು ಮೆತ್ತಗಾಗಿಸಿ. ಮೂರು ಸೆಕೆಂಡಿನ ಟೈಮರ್, ಕೈ ತಾಗಿ ಅಲುಗದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ತಾರೀಖಿನ ಚೌಕ ನಟ್ಟನಡುವೆ ಬರುವಂತೆ ಬಾಟಲಿಯನ್ನು ತಿರುಗಿಸಿಡುವುದು. ಎಡಬಲಕ್ಕೆ 30 ಡಿಗ್ರಿಯೊಳಗೆ ನಮ್ಮ ಬಾಟಲಿಯ ಮೇಲೆ ಮೂರು ಸೆಂ.ಮೀ.ಗಿಂತ ತುಸು ಹೆಚ್ಚು ಅಗಲ ಸಿಗುತ್ತದೆ, ತಾರೀಖಿನ ಚೌಕಕ್ಕೆ ಅಷ್ಟು ಸಾಕು. ಆಚೀಚಿನದನ್ನು ಓದಿಸುವ ಮೊದಲೇ ಕತ್ತರಿಸಿ ಎಸೆಯುತ್ತೇವೆ.

ಚಿತ್ರ ತೆಗೆಯುವಾಗ ಯಜಮಾನರ ಮಗಳು ಇನ್ನೊಂದು ಸಂಗತಿ ಕಂಡುಕೊಂಡಳು. ಹಲವು ಬಾಟಲಿಗಳಲ್ಲಿ ಬ್ಯಾಚ್ ಮತ್ತು ತಾರೀಖನ್ನು ಲೇಬಲ್ಲಿನ ಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ನಿಲ್ಲಿಸಿ ಒತ್ತಿರುತ್ತಾರೆ. ಓದಲು ಅಸಡ್ಡಾಳ ಎನ್ನಿಸುವ ಈ ಬರಹ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಅನುಕೂಲ. ಬಾಟಲಿ ಬಾಗಿರುವುದು ಸುತ್ತಲೂ, ಉದ್ದಕ್ಕೆ ಅದು ನೇರವೇ. ಉದ್ದಕ್ಕೆ ಓಡುವ ಸಾಲನ್ನು ನಡುವಿಗೆ ತಂದರೆ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೇ ಅಗಲ, ಬಾಗುವ ಮಾತೇ ಇಲ್ಲ. ಚಿತ್ರವನ್ನು 90 ಡಿಗ್ರಿ ಹೊರಳಿಸಿ `--psm 6` ಕೊಟ್ಟರೆ ಮುಗಿಯಿತು.

ಉದ್ದ ಸಾಲಿಗೆ ಬಿಡಿಸಿದ ಚಿತ್ರ

ತಾರೀಖಿಗೆ ಇಷ್ಟು ಸಾಕಾಗಿತ್ತು. ಔಷಧದ ಘಟಕಗಳ ಪಟ್ಟಿಯೂ ಬೇಕೆಂದು ಯಜಮಾನರು ಕೇಳಿದಾಗ ಸಾಲು ಮೂರು ಸೆಂ.ಮೀ. ದಾಟಿತು. ಅದಕ್ಕೆ ಚಿತ್ರವನ್ನೇ ಸುರುಳಿ ಬಿಡಿಸಿದಂತೆ ಚಪ್ಪಟೆ ಮಾಡುವ ಈ ತುಣುಕು ಬರೆದೆ. ಬಾಟಲಿಯ ಎಡ ಅಂಚಿನಿಂದ ಬಲ ಅಂಚಿಗೆ ಸರಿಯಾಗಿ ಕತ್ತರಿಸಿದ ಚಿತ್ರವನ್ನು ಕೊಡಬೇಕು:

```python
import cv2, numpy as np
img = cv2.imread("batli.jpg")
h, w = img.shape[:2]
R = w / 2
t = np.linspace(-1.05, 1.05, int(2.1 * R))
mx = np.tile(R + R * np.sin(t), (h, 1)).astype(np.float32)
my = np.tile(np.arange(h)[:, None], (1, len(t))).astype(np.float32)
cv2.imwrite("chappate.png", cv2.remap(img, mx, my, cv2.INTER_CUBIC))
```

ಇಲ್ಲಿ 1.05 ಎಂದರೆ ರೇಡಿಯನ್ನಿನಲ್ಲಿ 60 ಡಿಗ್ರಿ. ಅಂಚಿನ ಅಕ್ಷರಗಳನ್ನು ಇದು ಅಗಲಕ್ಕೆ ಎಳೆದು ನಡುವಿನವುಗಳ ಸರಿಸಮಕ್ಕೆ ತರುತ್ತದೆ. ಕ್ಯಾಮೆರಾ ಬಹು ದೂರದಲ್ಲಿದೆ ಎಂದು ಲೆಕ್ಕ ನಂಬಿಕೊಂಡಿರುವುದರಿಂದ ಒಂದಡಿ ದೂರದ ಚಿತ್ರದಲ್ಲಿ ತುಸು ತಪ್ಪು ಉಳಿಯುತ್ತದೆ, ಓದಲು ಅದು ಅಡ್ಡಿಯಾಗಲಿಲ್ಲ. ಬಾಗಿದ ಸಾಲನ್ನು ಮಾತ್ರ ಇದು ನೆಟ್ಟಗೆ ಮಾಡುವುದಿಲ್ಲ. ಚಿತ್ರ ತೆಗೆಯುವಾಗಲೇ ಸೆರೆಯಾಗದ ವಿವರವನ್ನು ಸೃಷ್ಟಿಸುವುದೂ ಇಲ್ಲ. 9 ಸೆಂ.ಮೀ. ದೂರದ ಹಳೆಯ ಚಿತ್ರವೊಂದನ್ನು ಇದಕ್ಕೆ ಕೊಟ್ಟು ನೋಡಿದೆ, ಹಿಂಡಿದ 3 ಅಗಲವಾದ ಮಸುಕು 8 ಆಗಿ ಹೊರಬಂತು.

ಆದದ್ದು, ಆಗದ್ದು

ಹಳೆಯ ರೀತಿಯಲ್ಲಿ ತೆಗೆದಿದ್ದ ಇಪ್ಪತ್ತು ಬಾಟಲಿಗಳನ್ನೇ ಹೊಸ ಏರ್ಪಾಟಿನಲ್ಲಿ ಮತ್ತೆ ತೆಗೆದೆವು. ಮೊದಲು ಏಳರಲ್ಲಿ ಮಾತ್ರ ಎರಡೂ ತಾರೀಖು ಸರಿ ಬಂದಿದ್ದವು, ಈಗ ಹದಿನೆಂಟರಲ್ಲಿ ಬಂದವು. ಓದುವ ತಂತ್ರಾಂಶದಲ್ಲಿ ನಾನು ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ತಪ್ಪಿದ ಎರಡರಲ್ಲಿ ಒಂದು ಚುಕ್ಕಿಚುಕ್ಕಿಯಾಗಿ ಶಾಯಿ ಸಿಂಪಡಿಸಿ ಒತ್ತಿದ ತಾರೀಖು. ಚುಕ್ಕಿಗಳು ಕೂಡಿಕೊಳ್ಳುವಷ್ಟು ಚಿತ್ರವನ್ನು ಮಸುಕು ಮಾಡಿದಾಗ ಅದೂ ಸರಿಹೋಯಿತು. ಇನ್ನೊಂದು ಹಿಸುಕಿ ತಗ್ಗು ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿ. ಅದಕ್ಕೆ ಉಪಾಯವಿಲ್ಲ.

ಸುಳ್ಳು ಹೇಳುವುದರ ವಿರುದ್ಧ ಒಂದು ತಡೆಯನ್ನೂ ಹಾಕಿದೆ. ಪ್ರತಿ ತಾರೀಖಿಗೂ ಎರಡು ಚಿತ್ರ, ನಡುವೆ ಬಾಟಲಿಯನ್ನು ಬೆರಳಗಲ ತಿರುಗಿಸಿ. ಎರಡೂ ಒಂದೇ ಓದನ್ನು ಕೊಟ್ಟರೆ ಮಾತ್ರ ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಪರದೆಯಲ್ಲಿ ಕೆಂಪು ಗೆರೆ. ತಂತ್ರಾಂಶ ತಾನೇ ಕೊಡುವ ವಿಶ್ವಾಸದ ಅಂಕವನ್ನು ಮೊದಲು ನೆಚ್ಚಿಕೊಂಡಿದ್ದೆ. ಆ 08ಕ್ಕೂ ಅದು ಒಳ್ಳೆಯ ಅಂಕವನ್ನೇ ಕೊಟ್ಟಿತ್ತೆಂದು ಗೊತ್ತಾದ ಮೇಲೆ ಬಿಟ್ಟೆ. ತಯಾರಿಕೆಯ ತಿಂಗಳಿಗೂ ಎಕ್ಸ್‌ಪೈರಿಗೂ ಇರುವ ಅಂತರವನ್ನೂ ನೋಡುವ ಆಲೋಚನೆಯಿತ್ತು. ಎರಡು ವರ್ಷ ಅಥವಾ ಮೂರು ವರ್ಷ ಬಾರದಿದ್ದರೆ ಅನುಮಾನಿಸುವುದು. ನಮ್ಮ ಆಮ್ಲಶಾಮಕವೇ ಅದನ್ನು ಮುರಿಯಿತು. 09/2023ರಿಂದ 03/2025 ಎಂದರೆ ಸುಮಾರು ಒಂದೂವರೆ ವರ್ಷ, ಅದೇ ಸರಿ. ತಪ್ಪು ಓದಾದ 08/2025, ಮೊದಲ ತಿಂಗಳನ್ನೂ ಕೊನೆಯ ತಿಂಗಳನ್ನೂ ಸೇರಿಸಿ ಎಣಿಸಿದರೆ, ಸರಿಯಾಗಿ ಎರಡು ವರ್ಷಕ್ಕೆ ಹೊಂದುತ್ತಿತ್ತು.

ಕುತ್ತಿಗೆಯ ಕಡೆ ಕಿರಿದಾಗುತ್ತಾ ಹೋಗುವ ಬಾಟಲಿಗಳನ್ನು ನಾವು ಕೈಬಿಟ್ಟಿದ್ದೇವೆ, ಅಲ್ಲಿ ಲೇಬಲ್ ಬಿಡಿಸಿದರೆ ಬೀಸಣಿಗೆಯಾಗುತ್ತದೆ. ಕಣ್ಣಿಗೆ ಹಾಕುವ ಹನಿಮದ್ದಿನ ಪುಟ್ಟ ಬಾಟಲಿಗಳನ್ನೂ ಬಿಟ್ಟೆವು. ಅವುಗಳ ಮೇಲೆ ಎಡಬಲಕ್ಕೆ 30 ಡಿಗ್ರಿಯೊಳಗೆ ಹಿಡಿಯುವುದು ಒಂದೂಕಾಲು ಸೆಂ.ಮೀ. ಅಗಲ ಮಾತ್ರ. ತಿಂಗಳ ಕೊನೆಯ ಶನಿವಾರ ಅವನ್ನೆಲ್ಲ ಒಂದು ಟ್ರೇಯಲ್ಲಿ ತುಂಬಿ ಕಾಕಾ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಒಂದೊಂದನ್ನೇ ಬೆರಳಿನಲ್ಲಿ ಉರುಳಿಸಿ ಓದಿ ಹೇಳುತ್ತಾರೆ, ಯಜಮಾನರ ಮಗಳು ಬರೆದುಕೊಳ್ಳುತ್ತಾಳೆ.